ಬೋರ್ಡಿನ ಮೇಲಿನ ಎರಡು ದರ, ಜೇಬಿನಿಂದ ಹೋಗುವ ದುಡ್ಡು

ವಿದೇಶಿ ನೋಟು ಕೊಡುವ ತಗೊಳ್ಳುವ ಬ್ಯಾಂಕ್ ಕೌಂಟರಿನ ಹಿಂದೆ ಕೂತು ಕೆಲಸ ಮಾಡಿದವನು ನಾನು. ಆಮೇಲೆ ಬೇರೆ ಕೆಲಸ ಹಿಡಿದು ದೇಶದೇಶ ಸುತ್ತುವುದು ಶುರುವಾದಾಗ ಅಂಥದೇ ಕೌಂಟರುಗಳ ಮುಂದೆ ಸಾಲಿನಲ್ಲಿ ನಿಂತೆ. ಎರಡೂ ಕಡೆಯಿಂದ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರವನ್ನು, ಅಂದರೆ ಸ್ಪ್ರೆಡ್ಡನ್ನು, ಜನ ಒಂದೋ ಪೂರ್ತಿ ಮರೆಯುತ್ತಾರೆ, ಇಲ್ಲಾ ಅದೆಲ್ಲಾ ತಮ್ಮ ಜೇಬಿನಿಂದಲೇ ಹೋಯಿತು ಅಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ಆ ಅಂತರದ ಅರ್ಧ ಭಾಗ ನೀವು ಕೊಂಡ ಪೂರ್ತಿ ಹಣದ ಮೇಲೆ ಬೀಳುತ್ತದೆ. ಉಳಿದ ಅರ್ಧ ಭಾಗ, ನೀವು ಖರ್ಚು ಮಾಡದೆ ವಾಪಸ್ ತಂದ ಹಣದ ಮೇಲೆ ಮಾತ್ರ ಬೀಳುತ್ತದೆ. ಇದು ತಲೆಗೆ ಹೋದರೆ ಮಿಕ್ಕಿದ್ದು ಬರೀ ಕೂಡುವ ಕಳೆಯುವ ಲೆಕ್ಕ.

ಮೊದಲು ಬೋರ್ಡು ಓದೋಣ. ‘ಕೊಳ್ಳುವ ದರ’ ಅಂದರೆ ಬ್ಯಾಂಕು ಕೊಳ್ಳುವ ದರ, ನೀವು ಕೊಳ್ಳುವ ದರ ಅಲ್ಲ. ಕೌಂಟರಿಗೆ ಬಂದು ಕೆಳಗಿನ ದರ ತೋರಿಸಿ ‘ಈ ರೇಟಿಗೆ ಯೂರೋ ಕೊಡಿ’ ಅನ್ನುವವರನ್ನು ನಾನು ದಿನಾ ನೋಡುತ್ತಿದ್ದೆ. ಅವರದ್ದೇನೂ ತಪ್ಪಿಲ್ಲ, ಬೋರ್ಡು ಬರೆದಿರುವುದೇ ಬ್ಯಾಂಕಿನ ಬಾಯಿಂದ. ನನ್ನ ಹತ್ತಿರ ಇದಕ್ಕೆ ಒಂದು ಸುಲಭದ ಸೂತ್ರ ಇದೆ: ಎರಡು ದರದಲ್ಲಿ ಯಾವುದು ನಿಮಗೆ ನಷ್ಟವೋ ಅದೇ ನಿಮ್ಮ ದರ. ಕೆಲವು ಕಡೆ ಬೋರ್ಡನ್ನು ಉಲ್ಟಾ ಬರೆದಿರುತ್ತಾರೆ. ಒಂದು ಯೂರೋಗೆ ಎಷ್ಟು ಡಾಲರ್ ಅಂತ ಬರೆಯುವ ಬದಲು ಒಂದು ಡಾಲರಿಗೆ ಎಷ್ಟು ಯೂರೋ ಅಂತ ಬರೆದಿರುತ್ತಾರೆ. ಆಗ ಮಾರುವ ದರವೇ ಚಿಕ್ಕ ಸಂಖ್ಯೆ ಆಗಿಬಿಡುತ್ತದೆ. ಯಾವುದು ದೊಡ್ಡದು ಯಾವುದು ಚಿಕ್ಕದು ಅಂತ ನೆನಪಿಟ್ಟುಕೊಂಡವರು ಅಲ್ಲಿ ಎಡವುತ್ತಾರೆ. ‘ನನಗೆ ಯಾವುದು ನಷ್ಟ’ ಅಂತ ಕೇಳಿಕೊಂಡವರು ಎಡವುವುದಿಲ್ಲ.

ಇನ್ನು, ಎರಡು ದರ ಯಾಕೆ? ಬ್ಯಾಂಕುಗಳು ತಮ್ಮತಮ್ಮಲ್ಲೇ ಡಾಲರ್ ಯೂರೋ ಕೊಟ್ಟು ತಗೊಳ್ಳುವಾಗಲೂ ಎರಡು ದರ ಇದ್ದೇ ಇರುತ್ತದೆ. ಆದರೆ ಅಲ್ಲಿ ಅಂತರ ತೀರಾ ಸಣ್ಣದು, ಮಾಮೂಲಿ ದಿನ ದಶಮಾಂಶದ ನಾಲ್ಕನೇ ಐದನೇ ಸ್ಥಾನದಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಲಕ್ಷ ಕೋಟಿಗಳ ವ್ಯವಹಾರ. ಹಣ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಗುತ್ತದೆ, ಅಷ್ಟೇ. ಯಾರೂ ಯಾವ ನೋಟನ್ನೂ ಮುಟ್ಟುವುದಿಲ್ಲ.

ಕೌಂಟರಿನಲ್ಲಿ ನೋಟು ಅನ್ನುವುದು ಒಂದು ಸರಕು. ನಮ್ಮ ಶಾಖೆಗೆ ಬೇಕಾದ ಯೂರೋ ನೋಟುಗಳನ್ನು ಸಗಟು ವ್ಯಾಪಾರಿಯಿಂದ ತರಿಸಬೇಕಿತ್ತು. ಅವನೂ ತನ್ನ ಲಾಭ ಇಟ್ಟುಕೊಂಡೇ ಕೊಡುತ್ತಾನೆ. ಸಾಗಣೆ ಖರ್ಚು, ವಿಮೆ, ಕಾವಲು ಎಲ್ಲಾ ಮೇಲೆ. ಬಂದ ನೋಟು ತಿಜೋರಿಯಲ್ಲಿ ಕೂತಷ್ಟು ದಿನ ಬಡ್ಡಿ ಹುಟ್ಟಿಸುವುದಿಲ್ಲ. ಖಾತೆಯಲ್ಲಿದ್ದಿದ್ದರೆ ಅದೇ ಹಣ ಎಲ್ಲಾದರೂ ದುಡಿಯುತ್ತಿತ್ತು. ಅಷ್ಟರಲ್ಲಿ ಮಾರುಕಟ್ಟೆಯಲ್ಲಿ ಯೂರೋ ಬೆಲೆ ಇಳಿದರೆ ಆ ನಷ್ಟವೂ ತಿಜೋರಿಯಲ್ಲೇ ಇರುತ್ತದೆ.

ಜನ ವಾಪಸ್ ತರುವ ನೋಟಿನ ಕಥೆ ಇನ್ನೂ ಬೇರೆ. ಒಂದೊಂದನ್ನೂ ಯಂತ್ರಕ್ಕೆ ಹಾಕಿ ಖೋಟಾ ಅಲ್ಲ ಅಂತ ನೋಡಬೇಕು. ಹರಿದದ್ದು, ಮೇಲೆ ಬರೆದದ್ದು, ಸೀಲು ಹೊಡೆದದ್ದು ಬೇರೆ ಮಾಡಬೇಕು, ಯಾಕೆಂದರೆ ಅದನ್ನು ಮುಂದಿನ ಗಿರಾಕಿ ಮುಟ್ಟುವುದಿಲ್ಲ. 1996ಕ್ಕೆ ಮುಂಚಿನ ವಿನ್ಯಾಸದ, ಚಿತ್ರ ಚಿಕ್ಕದಾಗಿರುವ ನೂರು ಡಾಲರ್ ನೋಟು ಅಮೆರಿಕದಲ್ಲಿ ಇವತ್ತಿಗೂ ಪೂರ್ತಿ ಚಲಾವಣೆಯ ನೋಟೇ. ಆದರೆ ಹೊರಗಡೆ ಎಷ್ಟೋ ಕೌಂಟರುಗಳು ಅದನ್ನು ಬೇಡ ಅನ್ನುತ್ತವೆ, ಇಲ್ಲಾ ಕಡಿಮೆ ದರಕ್ಕೆ ಕೇಳುತ್ತವೆ. ಮುಂದೆ ದಾಟಿಸುವುದು ಕಷ್ಟ ಅನ್ನುವುದು ಬಿಟ್ಟು ಬೇರೆ ಕಾರಣ ಇಲ್ಲ. ಹೀಗೆ ಆರಿಸಿ, ಕಟ್ಟು ಕಟ್ಟಿ, ಹೆಚ್ಚಾದದ್ದನ್ನು ಸಗಟಿನವನಿಗೆ ವಾಪಸ್ ಕಳಿಸಿದರೆ ಅವನು ಕೊಡುವುದು ಕಡಿಮೆ ದರವೇ. ಅದಕ್ಕೇ ಕೊಳ್ಳುವ ದರ ಕೆಳಗೆ, ಮಾರುವ ದರ ಮೇಲೆ.

ಆದರೆ ಇದೆಲ್ಲಕ್ಕಿಂತ ದೊಡ್ಡ ಕಾರಣ ವ್ಯವಹಾರದ ಗಾತ್ರ ಅಂತ ನನ್ನ ಅಭಿಪ್ರಾಯ. 200 ಯೂರೋ ಕೊಡಲು ಗುರುತಿನ ಚೀಟಿ ನೋಡಿ, ಫಾರಂ ತುಂಬಿಸಿ, ಎರಡು ಸಲ ಎಣಿಸಿ, ರಸೀದಿ ಮುದ್ರಿಸಿ ಕೊಡುವ ಹೊತ್ತಿಗೆ ಕಾಲು ಗಂಟೆ ಹೋಗುತ್ತದೆ. 5,000 ಯೂರೋ ಕೊಡಲೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಆ ಕಾಲು ಗಂಟೆಯ ಸಂಬಳ, ಬಾಡಿಗೆ ಎಲ್ಲವನ್ನೂ ಸಣ್ಣ ಮೊತ್ತದ ಮೇಲೆ ಹಾಕಿದರೆ ಶೇಕಡಾವಾರು ಜಾಸ್ತಿ ಕಾಣುವುದು ಸಹಜ. ದೊಡ್ಡ ಮೊತ್ತ ಕೇಳಿದವರಿಗೆ ಬೋರ್ಡಿಗಿಂತ ಒಳ್ಳೆ ದರ ಕೊಡುವ ಅಧಿಕಾರ ಎಷ್ಟೋ ಬ್ಯಾಂಕುಗಳಲ್ಲಿ ಮ್ಯಾನೇಜರಿಗೆ ಇರುವುದೂ ಇದೇ ಕಾರಣಕ್ಕೆ. ಆದರೆ ಬಾಯಿ ಬಿಟ್ಟು ಕೇಳಿದವರಿಗೆ ಮಾತ್ರ ಅದು ಸಿಗುತ್ತಿತ್ತು. ಕೇಳದವರಿಗೆ ನಾವಾಗಿ ಯಾವತ್ತೂ ಹೇಳುತ್ತಿರಲಿಲ್ಲ.

ಹಾಗಂತ ಇಡೀ ಅಂತರ ಖರ್ಚಿಗೇ ಹೋಗುತ್ತದೆ ಅಂದರೆ ಅದು ಸುಳ್ಳು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಬಾಡಿಗೆ ದುಬಾರಿ, ಅದು ನಿಜ. ಜೊತೆಗೆ ಅಲ್ಲಿಗೆ ಬರುವವನಿಗೆ ಬೇರೆ ದಾರಿ ಇಲ್ಲ, ಸಮಯವೂ ಇಲ್ಲ. ಅದೂ ಆ ದರದೊಳಗೆ ಸೇರಿರುತ್ತದೆ.

ಈಗ ಅಳೆಯುವುದು ಹೇಗೆ ಅಂತ ನೋಡೋಣ. ನಾನು ಎರಡು ದರವನ್ನು ಕೂಡಿ ಅರ್ಧ ಮಾಡುತ್ತೇನೆ. ಬೋರ್ಡಿನಲ್ಲಿ ಯೂರೋ ಕೊಳ್ಳುವ ದರ 1.06 ಡಾಲರ್, ಮಾರುವ ದರ 1.14 ಡಾಲರ್ ಅಂತಿಟ್ಟುಕೊಳ್ಳಿ. ಕೂಡಿದರೆ 2.20, ಅರ್ಧ 1.10. ಇದು ಮಧ್ಯದ ದರ. ಅಂತರ 0.08. ಅದನ್ನು 1.10ರಿಂದ ಭಾಗಿಸಿದರೆ ಶೇಕಡ 7ಕ್ಕಿಂತ ಸ್ವಲ್ಪ ಜಾಸ್ತಿ. ಇದರ ಅರ್ಧ, ಅಂದರೆ ಸುಮಾರು ಮೂರೂವರೆ, ಒಂದು ಕಡೆಯ ಪ್ರಯಾಣಕ್ಕೆ ಬೀಳುವ ಖರ್ಚು.

ಮಧ್ಯದ ದರ ಸರಿಯಾಗಿದೆಯಾ ಅಂತ ಒಂದು ಸಲ ಹೊರಗಿನ ದರದ ಜೊತೆ ಹೋಲಿಸುವುದು ಒಳ್ಳೆಯದು. ಯೂರೋ ಆದರೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕು ಕೆಲಸದ ದಿನಗಳಲ್ಲಿ ಅಲ್ಲಿನ ಸಮಯ ಸಂಜೆ ನಾಲ್ಕರ ಸುಮಾರಿಗೆ ಒಂದು ಉಲ್ಲೇಖ ದರ ಪ್ರಕಟಿಸುತ್ತದೆ. ಆ ದರಕ್ಕೆ ಯಾರೂ ನಿಮಗೆ ನೋಟು ಕೊಡುವುದಿಲ್ಲ, ಅದು ಬರೀ ಅಳತೆಗೋಲು. ಹೋಲಿಸಿದಾಗ ಒಂದು ತಮಾಷೆಯ ವಿಷಯ ಗೊತ್ತಾಗುತ್ತದೆ. ಉಲ್ಲೇಖ ದರ 1.10 ಇದ್ದು ಬೋರ್ಡಿನಲ್ಲಿ 1.05 ಮತ್ತು 1.13 ಇದ್ದರೆ ಬೋರ್ಡಿನ ಮಧ್ಯ 1.09 ಆಗುತ್ತದೆ. ಅಂದರೆ ಆ ಕೌಂಟರಿಗೆ ಯೂರೋ ಕೊಳ್ಳುವ ಆಸೆ ಇಲ್ಲ, ಮಾರುವ ಆಸೆ ಇದೆ. ತಿಜೋರಿ ತುಂಬಿದಾಗ ನಾವೂ ಹೀಗೇ ಎರಡು ದರವನ್ನೂ ಸ್ವಲ್ಪ ಕೆಳಗೆ ಎಳೆಯುತ್ತಿದ್ದೆವು. ಯೂರೋ ಕೊಳ್ಳುವವನಿಗೆ ಅದು ಒಳ್ಳೆ ಜಾಗ, ವಾಪಸ್ ಮಾರುವವನಿಗೆ ಕೆಟ್ಟ ಜಾಗ. ಒಂದೇ ಕೌಂಟರು ಎರಡಕ್ಕೂ ಒಳ್ಳೆಯದಾಗಿರಬೇಕು ಅಂತೇನಿಲ್ಲ.

ಒಂದು ಪೂರ್ತಿ ಪ್ರವಾಸದ ಲೆಕ್ಕ ಹಾಕೋಣ. ಕೈಯಲ್ಲಿ ಡಾಲರ್ ಇದೆ, ಯೂರೋ ನಡೆಯುವ ದೇಶಕ್ಕೆ ಹೋಗಬೇಕು. ಮೇಲಿನ ದರಗಳೇ ಇರಲಿ. ಬ್ಯಾಂಕು ಪ್ರತಿ ವ್ಯವಹಾರಕ್ಕೂ 5 ಡಾಲರ್ ಕಮಿಷನ್ ಹಾಕುತ್ತದೆ. 800 ಯೂರೋ ಕೊಂಡೆ ಅಂತಿಟ್ಟುಕೊಳ್ಳಿ. 1.14ರಂತೆ 912 ಡಾಲರ್, ಕಮಿಷನ್ ಸೇರಿ 917. ಮಧ್ಯದ ದರದಲ್ಲಿ ಅದೇ ಯೂರೋ 880 ಡಾಲರಿಗೆ ಬರಬೇಕಿತ್ತು. ಹೊರಡುವ ಮುಂಚೆಯೇ 37 ಡಾಲರ್ ಹೋಯಿತು. ಅದರಲ್ಲಿ 32 ದರದೊಳಗೆ ಅಡಗಿದ್ದು, 5 ಮಾತ್ರ ರಸೀದಿಯಲ್ಲಿ ಕಾಣುವಂಥದ್ದು. ಜನ ಜಗಳ ಆಡುವುದು ಆ 5ಕ್ಕೆ, 32ರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಅಲ್ಲಿ 650 ಯೂರೋ ಖರ್ಚಾಯಿತು, 150 ಉಳಿಯಿತು. ಅದರಲ್ಲಿ 10 ಯೂರೋ ನಾಣ್ಯ. ನಾಣ್ಯವನ್ನು ಸಾಮಾನ್ಯವಾಗಿ ಯಾವ ಕೌಂಟರೂ ತಗೊಳ್ಳುವುದಿಲ್ಲ. ತೂಕ ಜಾಸ್ತಿ, ಬೆಲೆ ಕಡಿಮೆ, ಸಾಗಿಸುವ ಖರ್ಚು ಹುಟ್ಟುವುದಿಲ್ಲ. ಉಳಿದ 140 ಯೂರೋ ನೋಟನ್ನು ವಾಪಸ್ ಬಂದು 1.06ಕ್ಕೆ ಮಾರಿದರೆ 148 ಡಾಲರ್ 40 ಸೆಂಟು. ಕಮಿಷನ್ ಕಳೆದು ಕೈಗೆ ಬರುವುದು 143 ಡಾಲರ್ 40 ಸೆಂಟು. ಮಧ್ಯದ ದರದಲ್ಲಿ ಅದು 154 ಆಗಬೇಕಿತ್ತು. ಇಲ್ಲಿ 10 ಡಾಲರ್ 60 ಸೆಂಟು ಹೋಯಿತು.

ಎರಡೂ ಸೇರಿ 47 ಡಾಲರ್ 60 ಸೆಂಟು. ಡಬ್ಬಿಗೆ ಬಿದ್ದ ನಾಣ್ಯ ಬೇರೆ, ಅದು 11 ಡಾಲರ್ ಬೆಲೆಯದು. ನಿಜವಾಗಿ ಉಪಯೋಗಕ್ಕೆ ಬಂದದ್ದು 650 ಯೂರೋ, ಅಂದರೆ 715 ಡಾಲರಿನ ಬೆಲೆ. ಅದರ ಮೇಲೆ 47.60 ಅಂದರೆ ಶೇಕಡ ಆರೂವರೆಗಿಂತ ಜಾಸ್ತಿ. ಬೋರ್ಡು ನೋಡಿ ‘ಒಂದು ಕಡೆಗೆ ಮೂರೂವರೆ’ ಅಂದುಕೊಂಡಿದ್ದಕ್ಕೆ ಹೆಚ್ಚು ಕಡಿಮೆ ಎರಡರಷ್ಟು.

ಅದೇ ಮನುಷ್ಯ ಮೊದಲೇ 650 ಮಾತ್ರ ಕೊಂಡಿದ್ದರೆ? ದರದಲ್ಲಿ 26 ಡಾಲರ್, ಕಮಿಷನ್ 5, ಒಟ್ಟು 31. ಶೇಕಡ ನಾಲ್ಕೂ ಕಾಲರ ಹತ್ತಿರ. ಮಿಕ್ಕ ಹದಿನಾರೂವರೆ ಡಾಲರ್ ಪೂರ್ತಿ ಸುಮ್ನೆ ವಿಮಾನ ಹತ್ತಿ ಹೋಗಿ ವಾಪಸ್ ಬಂದ ನೋಟುಗಳ ಖರ್ಚು. ಆ ನೋಟಿನಿಂದ ಒಂದು ಲೋಟ ನೀರೂ ಕೊಂಡಿಲ್ಲ. ಅರ್ಧ ಪೈಸೆ ಒಳ್ಳೆ ದರಕ್ಕಾಗಿ ನಾಲ್ಕು ಕೌಂಟರು ಸುತ್ತುವುದಕ್ಕಿಂತ ಎಷ್ಟು ಬೇಕು ಅಂತ ಕೂತು ಲೆಕ್ಕ ಹಾಕುವುದರಲ್ಲಿ ಜಾಸ್ತಿ ದುಡ್ಡು ಉಳಿಯುತ್ತದೆ ಅಂತ ನಾನು ಹೇಳುವುದು ಇದಕ್ಕೇ. ಈಗ ನಾನು ನೋಟು ಬೇಕೇ ಬೇಕಾದ ಖರ್ಚುಗಳಿಗಷ್ಟೇ ನೋಟು ಕೊಳ್ಳುತ್ತೇನೆ. ಬಸ್ಸು, ಸಣ್ಣ ಅಂಗಡಿ, ಟಿಪ್ಸು, ಜೊತೆಗೆ ಕಾರ್ಡ್ ಕೈಕೊಟ್ಟರೆ ಒಂದು ದಿನ ದೂಡುವಷ್ಟು. ‘ಇರಲಿ ಅಂತ’ ಇನ್ನೂರು ಜಾಸ್ತಿ ತಗೊಳ್ಳುವುದಿಲ್ಲ.

ವಾಪಸ್ ತಂದ ಮೊತ್ತ ಸಣ್ಣದಾದಷ್ಟೂ ಪೆಟ್ಟು ಜೋರು. ಒಂದೇ ಒಂದು 20 ಯೂರೋ ನೋಟು ಉಳಿದಿದೆ ಅಂದುಕೊಳ್ಳಿ. ಮಧ್ಯದ ದರದಲ್ಲಿ ಅದು 22 ಡಾಲರ್. 1.06ಕ್ಕೆ ಮಾರಿದರೆ 21 ಡಾಲರ್ 20 ಸೆಂಟು, ಅದರಲ್ಲಿ ಕಮಿಷನ್ 5 ಹೋದರೆ 16 ಡಾಲರ್ 20 ಸೆಂಟು. ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ಕೌಂಟರಿನಲ್ಲಿದ್ದಾಗ ಇಂಥ ನೋಟು ಹಿಡಿದು ಬಂದವರಿಗೆ ‘ಇದನ್ನ ಇಟ್ಕೊಳ್ಳಿ ಸರ್, ಮುಂದಿನ ಸಲಕ್ಕಾಗುತ್ತೆ’ ಅಂತ ನಾನು ಮೆಲ್ಲಗೆ ಹೇಳುತ್ತಿದ್ದೆ. ಮುಂದೆ ಅದೇ ಕರೆನ್ಸಿ ಬೇಕಾಗುವುದು ಖಂಡಿತ ಅಂತಾದರೆ ಆ ಮಾತು ಸರಿ. ಇಲ್ಲದಿದ್ದರೆ ಹೋಗಬೇಕಾದ ಸ್ನೇಹಿತನಿಗೆ ಮಧ್ಯದ ದರದಲ್ಲಿ ಕೊಟ್ಟುಬಿಡಿ, ಕಾನೂನು ಅದಕ್ಕೆ ಅಡ್ಡ ಬರದ ಕಡೆ. ಇಬ್ಬರಿಗೂ ಲಾಭ.

‘ಕಮಿಷನ್ ಇಲ್ಲ’ ಅಂತ ದೊಡ್ಡದಾಗಿ ಬರೆದ ಬೋರ್ಡಿನ ವಿಷಯಕ್ಕೆ ಬರೋಣ. ತುಂಬಾ ಜನ ಇದನ್ನು ಪೂರ್ತಿ ಮೋಸ ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಬ್ಯಾಂಕು 1.14ಕ್ಕೆ ಮಾರಿ 5 ಡಾಲರ್ ಕಮಿಷನ್ ತಗೊಳ್ಳುತ್ತದೆ, ಪಕ್ಕದ ಕೌಂಟರು ಕಮಿಷನ್ ಇಲ್ಲದೆ 1.19ಕ್ಕೆ ಮಾರುತ್ತದೆ ಅಂತಿಟ್ಟುಕೊಳ್ಳಿ. 800 ಯೂರೋ ಬೇಕಾದರೆ ಬ್ಯಾಂಕಿನಲ್ಲಿ 917, ಪಕ್ಕದಲ್ಲಿ 952. ಬ್ಯಾಂಕೇ ವಾಸಿ. ಆದರೆ ಇಳಿದ ತಕ್ಷಣ ಟ್ಯಾಕ್ಸಿಗೆ 50 ಯೂರೋ ಸಾಕು ಅಂದರೆ ಬ್ಯಾಂಕಿನಲ್ಲಿ 57 ಮತ್ತು 5 ಸೇರಿ 62, ಪಕ್ಕದಲ್ಲಿ 59 ಡಾಲರ್ 50 ಸೆಂಟು. ಇಲ್ಲಿ ಕಮಿಷನ್ ಇಲ್ಲದವನೇ ಅಗ್ಗ. ಎರಡೂ ಸಮ ಆಗುವ ಮೊತ್ತ ಹುಡುಕುವುದು ಸುಲಭ: ಕಮಿಷನ್ನನ್ನು ಎರಡು ದರಗಳ ವ್ಯತ್ಯಾಸದಿಂದ ಭಾಗಿಸಿ. 5 ಭಾಗಿಸು 0.05, ಅಂದರೆ 100 ಯೂರೋ. ಅದಕ್ಕಿಂತ ಕಡಿಮೆ ಬೇಕಾದರೆ ಪಕ್ಕದ ಕೌಂಟರು, ಜಾಸ್ತಿ ಬೇಕಾದರೆ ಬ್ಯಾಂಕು.

ಇಷ್ಟೆಲ್ಲಾ ಲೆಕ್ಕ ಹಾಕಲು ಹೊತ್ತಿಲ್ಲದಿದ್ದರೆ ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿ: ‘ಎಲ್ಲಾ ಸೇರಿ 300 ಯೂರೋ ಕೈಗೆ ಬರಬೇಕಾದರೆ ನಾನು ಎಷ್ಟು ಕೊಡಬೇಕು?’ ದರ ಎಷ್ಟು, ಕಮಿಷನ್ ಎಷ್ಟು ಅಂತ ಬಿಡಿಬಿಡಿಯಾಗಿ ಕೇಳಿದರೆ ಬಿಡಿಬಿಡಿ ಉತ್ತರ ಬರುತ್ತದೆ, ಅದರ ನಡುವೆ ಏನಾದರೂ ಒಂದು ಜಾರಿಹೋಗಿರುತ್ತದೆ. ಒಟ್ಟು ಮೊತ್ತ ಕೇಳಿದರೆ ಜಾರುವುದಕ್ಕೆ ಜಾಗ ಇರುವುದಿಲ್ಲ. ಇನ್ನೊಂದು ವಿಷಯ, ಬೋರ್ಡಿನ ದರ ಕೆಲವು ಕಡೆ ದೊಡ್ಡ ಮೊತ್ತಕ್ಕೆ ಮಾತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ. ನಿಮ್ಮ 100ಕ್ಕೆ ಅನ್ವಯಿಸುವ ದರ ಬೇರೆಯೇ ಇರಬಹುದು. ಒಟ್ಟು ಮೊತ್ತದ ಪ್ರಶ್ನೆ ಇದನ್ನೂ ಹೊರಗೆ ತರುತ್ತದೆ.

ಕಾರ್ಡಿನಲ್ಲಿ ಎರಡು ದರದ ಬೋರ್ಡು ಕಾಣುವುದಿಲ್ಲ. ಹಾಗಂತ ಸ್ಪ್ರೆಡ್ ಇಲ್ಲ ಅಂತಲ್ಲ. ಕಾರ್ಡ್ ಕಂಪನಿಯ ದರ ಸಾಮಾನ್ಯವಾಗಿ ಮಧ್ಯದ ದರಕ್ಕೆ ಹತ್ತಿರವೇ ಇರುತ್ತದೆ, ಯಾಕೆಂದರೆ ಅಲ್ಲಿ ನೋಟಿನ ತಾಪತ್ರಯ ಇಲ್ಲ. ಅದರ ಮೇಲೆ ನಿಮ್ಮ ಬ್ಯಾಂಕು ವಿದೇಶಿ ವ್ಯವಹಾರದ ಶುಲ್ಕ ಅಂತ ಶೇಕಡ ಇಂತಿಷ್ಟು ಸೇರಿಸುತ್ತದೆ. ಎಟಿಎಂನಲ್ಲಿ ಹಣ ತೆಗೆದರೆ ಪ್ರತಿ ಸಲಕ್ಕೆ ಒಂದು ಸ್ಥಿರ ಶುಲ್ಕವೂ ಇರಬಹುದು. ಕೆಲವು ಕಾರ್ಡುಗಳಲ್ಲಿ ಈ ಎರಡೂ ಇರುವುದಿಲ್ಲ. ನಿಮ್ಮದು ಯಾವ ಜಾತಿಯದು ಅಂತ ಹೊರಡುವ ಮುಂಚೆ ಶುಲ್ಕದ ಪಟ್ಟಿ ತೆಗೆದು ನೋಡಬೇಕು. ನಾನು ನನ್ನ ಕಾರ್ಡುಗಳ ಈ ಎರಡು ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಎಟಿಎಂ ಪರದೆಯ ಮುಂದೆ ಆಗುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 200 ಯೂರೋ ಕೇಳಿದಿರಿ. ಯಂತ್ರ ನಿಮ್ಮ ಕಾರ್ಡು ಡಾಲರ್ ಖಾತೆಯದು ಅಂತ ಗುರುತು ಹಿಡಿಯುತ್ತದೆ. ಆಮೇಲೆ ಬಹಳ ವಿನಯದಿಂದ ಕೇಳುತ್ತದೆ: ಇದನ್ನು ನಿಮ್ಮದೇ ಕರೆನ್ಸಿಯಲ್ಲಿ, 237 ಡಾಲರ್ 60 ಸೆಂಟು ಅಂತ ಖಚಿತವಾಗಿ ವಸೂಲು ಮಾಡಲೇ? ಒಪ್ಪುವ ಗುಂಡಿ ದೊಡ್ಡದಾಗಿ ಹಸಿರಾಗಿ ಇರುತ್ತದೆ. ಬೇಡ ಅನ್ನುವ ಗುಂಡಿ ಎಲ್ಲೋ ಮೂಲೆಯಲ್ಲಿ, ಅದನ್ನು ಒತ್ತಿದರೆ ದುಡ್ಡೇ ಬರುವುದಿಲ್ಲವೇನೋ ಅನ್ನುವ ಹಾಗೆ ಬರೆದಿರುತ್ತಾರೆ. ಅಲ್ಲೇ ನಿಂತು 237.60 ಅನ್ನು 200ರಿಂದ ಭಾಗಿಸಿ. 1.188. ಮಧ್ಯದ ದರ 1.10 ಆಗಿದ್ದರೆ ಇದು ಶೇಕಡ 8 ಜಾಸ್ತಿ. ನೋಟಿನ ಕೌಂಟರಿನ 1.14ಕ್ಕಿಂತಲೂ ಕೆಟ್ಟ ದರ.

ಬೇಡ ಅಂತ ಒತ್ತಿದರೆ ಯಂತ್ರ ಯೂರೋದಲ್ಲೇ ಲೆಕ್ಕ ಕಳಿಸುತ್ತದೆ, ಪರಿವರ್ತನೆ ನಿಮ್ಮ ಕಾರ್ಡಿನ ಕಡೆ ಆಗುತ್ತದೆ. ನಿಮ್ಮ ಬ್ಯಾಂಕು ಶೇಕಡ 2 ಮತ್ತು ಸಲಕ್ಕೆ 4 ಡಾಲರ್ ತಗೊಳ್ಳುತ್ತದೆ ಅನ್ನಿ. 220 ಡಾಲರ್, ಅದರ ಶೇಕಡ 2 ಅಂದರೆ 4 ಡಾಲರ್ 40 ಸೆಂಟು, ಸ್ಥಿರ ಶುಲ್ಕ 4, ಒಟ್ಟು 228 ಡಾಲರ್ 40 ಸೆಂಟು. ಒಂದು ಗುಂಡಿಗೆ 9 ಡಾಲರ್ 20 ಸೆಂಟಿನ ವ್ಯತ್ಯಾಸ. ಜೊತೆಗೆ ಯಂತ್ರದ ದರಕ್ಕೆ ಒಪ್ಪಿದರೂ ಕೆಲವು ಬ್ಯಾಂಕುಗಳು ತಮ್ಮ ವಿದೇಶಿ ಶುಲ್ಕವನ್ನು ಬಿಡುವುದಿಲ್ಲ, ಎರಡೂ ಬೀಳುತ್ತದೆ. ಅಂಗಡಿಯ ಕಾರ್ಡ್ ಯಂತ್ರದಲ್ಲೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿ ಕೆಲವೊಮ್ಮೆ ಮಾರುವವನೇ ನಿಮ್ಮ ಪರವಾಗಿ ಒತ್ತಿಬಿಡುತ್ತಾನೆ. ಚೀಟಿಯಲ್ಲಿ ನಿಮ್ಮ ಊರಿನ ಕರೆನ್ಸಿ ಕಂಡರೆ ಸಹಿ ಮಾಡುವ ಮುಂಚೆ, ಪಿನ್ ಒತ್ತುವ ಮುಂಚೆ ರದ್ದು ಮಾಡಿಸಿ ಸ್ಥಳೀಯ ಕರೆನ್ಸಿಯಲ್ಲಿ ಮತ್ತೆ ಹಾಕಿಸಬೇಕು.

ಎಟಿಎಂ ಯಾವಾಗಲೂ ಅಗ್ಗ ಅಂತ ಹೇಳುವವರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಅದೇ 200 ಯೂರೋವನ್ನು 50ರಂತೆ ನಾಲ್ಕು ಸಲ ತೆಗೆದರೆ ಸ್ಥಿರ ಶುಲ್ಕವೇ 16 ಡಾಲರ್. ಒಟ್ಟು 240 ಡಾಲರ್ 40 ಸೆಂಟು ಆಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕಮಿಷನ್ ಸೇರಿ 233ಕ್ಕೆ ಬರುತ್ತಿತ್ತು. ಯಂತ್ರದ ಮಾಲೀಕರು ತಮ್ಮದೊಂದು ಶುಲ್ಕ ಬೇರೆ ಹಾಕಿದರೆ ಇನ್ನೂ ಜಾಸ್ತಿ. ಸ್ಥಿರ ಶುಲ್ಕ ಇರುವ ಕಾರ್ಡಾದರೆ ಒಂದೇ ಸಲ ತೆಗೆಯಬೇಕು, ಆದರೆ ಉಳಿಯದಷ್ಟು ಮಾತ್ರ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದು ಅವರವರ ಖರ್ಚಿನ ಅಂದಾಜಿಗೆ ಬಿಟ್ಟದ್ದು.

ವಾರಾಂತ್ಯದ್ದು ಒಂದು ಸಣ್ಣ ವಿಷಯ. ಕರೆನ್ಸಿ ಮಾರುಕಟ್ಟೆ ನ್ಯೂಯಾರ್ಕಿನ ಶುಕ್ರವಾರ ಸಂಜೆ ಮುಚ್ಚಿದರೆ ನ್ಯೂಜಿಲೆಂಡಿನಲ್ಲಿ ಸೋಮವಾರ ಬೆಳಗಾಗುವ ತನಕ ತೆರೆಯುವುದಿಲ್ಲ. ಆ ನಡುವೆ ಏನಾದರೂ ಆಗಿ ದರ ನೆಗೆದರೆ ಕೌಂಟರಿನವನು ತನ್ನ ನೋಟಿನ ಅಪಾಯವನ್ನು ಬೇರೆಯವರ ಮೇಲೆ ದಾಟಿಸುವ ಹಾಗಿಲ್ಲ. ಅದಕ್ಕೆ ಕೆಲವರು ಶನಿವಾರ ಭಾನುವಾರ ಅಂತರವನ್ನು ಸ್ವಲ್ಪ ಅಗಲ ಮಾಡುತ್ತಾರೆ. ಕೆಲವು ಆ್ಯಪುಗಳೂ ವಾರಾಂತ್ಯಕ್ಕೆ ಹೆಚ್ಚುವರಿ ಹಾಕುತ್ತವೆ. ಗುರುವಾರವೇ ಬದಲಿಸಿಕೊಳ್ಳಲು ಸಾಧ್ಯವಿದ್ದರೆ ಶನಿವಾರದ ತನಕ ಕಾಯಬೇಡಿ.

ಅಪರೂಪದ ಕರೆನ್ಸಿಗೆ ಬಂದರೆ ಲೆಕ್ಕ ಬದಲಾಗುತ್ತದೆ. ತಿಂಗಳಿಗೊಬ್ಬ ಕೇಳುವ ನೋಟನ್ನು ಬ್ಯಾಂಕು ತರಿಸಿ ಇಡಬೇಕಾದರೆ ಅಂತರ ಶೇಕಡ 15, 20ರ ತನಕ ಹೋದರೂ ನನಗೆ ಆಶ್ಚರ್ಯ ಆಗುವುದಿಲ್ಲ. ಆ ದೇಶದಲ್ಲೇ ಆದರೆ ಆ ನೋಟು ರಾಶಿ ಬಿದ್ದಿರುತ್ತದೆ, ಅಲ್ಲಿ ಡಾಲರ್ ಅಥವಾ ಯೂರೋ ಕೊಟ್ಟು ಬದಲಿಸುವುದು ಸಾಮಾನ್ಯವಾಗಿ ಅಗ್ಗ. ನಿಮ್ಮ ಕೈಯಲ್ಲಿ ಮೊದಲಿಂದ ಡಾಲರ್ ಇದ್ದರೆ ಒಂದೇ ಬದಲಾವಣೆ. ಆದರೆ ನಿಮ್ಮ ಕರೆನ್ಸಿಯಿಂದ ಡಾಲರ್, ಡಾಲರಿನಿಂದ ಅಲ್ಲಿಯದು ಅಂತ ಎರಡು ಸಲ ದಾಟಬೇಕಾದರೆ ಎರಡು ಅರ್ಧ ಸ್ಪ್ರೆಡ್ ಬೀಳುತ್ತದೆ. ಒಂದೊಂದಕ್ಕೂ ಮೂರೂವರೆ ಅಂದರೆ ಒಟ್ಟು ಏಳರ ಹತ್ತಿರ. ಉಳಿದದ್ದನ್ನು ಅದೇ ದಾರಿಯಲ್ಲಿ ವಾಪಸ್ ತಂದರೆ ಇನ್ನೊಂದು ಏಳು. ಮನೆಯಲ್ಲೇ ಬ್ಯಾಂಕು ಆ ಅಪರೂಪದ ನೋಟಿಗೆ ಕೇಳುವ ದರವನ್ನು ಈ ಏಳರ ಜೊತೆ ಹೋಲಿಸಿ ನೋಡಬೇಕು. ಕೆಲವು ಕರೆನ್ಸಿಗಳನ್ನು ದೇಶದ ಹೊರಗೆ ಒಯ್ಯುವುದಕ್ಕೇ ನಿರ್ಬಂಧ ಇರುತ್ತದೆ, ಹೊರಗೆ ಯಾರೂ ಅದನ್ನು ಕೊಳ್ಳುವುದೂ ಇಲ್ಲ. ಅಂಥ ಕಡೆ ವಾಪಸ್ ಬದಲಿಸಲು ಮೊದಲಿನ ರಸೀದಿ ಕೇಳಬಹುದು. ನಾನು ಆ ಚೀಟಿಯನ್ನು ಪಾಸ್‌ಪೋರ್ಟಿನ ಕವರಿನಲ್ಲೇ ಇಟ್ಟಿರುತ್ತೇನೆ.

ಸಲಸಲಕ್ಕೂ ಬದಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಯುರೋಪಿನದ್ದೇ ಒಂದು ಹಳೇ ಲೆಕ್ಕ ಇದೆ. ಯೂರೋ ನೋಟು ಕೈಗೆ ಬಂದದ್ದು 2002ರ ಜನವರಿ 1ಕ್ಕೆ. ಅದಕ್ಕೆ ಮುಂಚೆ ಫ್ರಾಂಕು, ಮಾರ್ಕು, ಲೀರಾ ಅಂತ ದೇಶಕ್ಕೊಂದು ನೋಟು. ಒಂದೇ ಕರೆನ್ಸಿ ಬೇಕು ಅಂತ ವಾದಿಸುತ್ತಾ ಯುರೋಪಿಯನ್ ಕಮಿಷನ್ 1990ರಲ್ಲಿ ಹೊರತಂದ ವರದಿಯಲ್ಲಿ ಒಬ್ಬ ಕಾಲ್ಪನಿಕ ಪ್ರವಾಸಿ ಬರುತ್ತಾನೆ. ಅವನು ಹತ್ತು ದೇಶ ಸುತ್ತುತ್ತಾನೆ, ಏನೂ ಕೊಳ್ಳುವುದಿಲ್ಲ, ಪ್ರತಿ ಕಡೆ ಇದ್ದ ನೋಟನ್ನೆಲ್ಲಾ ಅಲ್ಲಿನ ನೋಟಿಗೆ ಬದಲಿಸುತ್ತಾನೆ, ಅಷ್ಟೇ. ವಾಪಸ್ ಬಂದಾಗ ಅರ್ಧದ ಹತ್ತಿರ ಹಣ ಮಾಯವಾಗಿರುತ್ತದೆ. ಕೇಳಿದರೆ ಉತ್ಪ್ರೇಕ್ಷೆ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಪ್ರತಿ ಸಲ ನೂರಕ್ಕೆ ಆರು ಹೋದರೆ ಹತ್ತು ಸಲ ಆಗುವ ಹೊತ್ತಿಗೆ ನೂರು ಐವತ್ನಾಲ್ಕಕ್ಕೆ ಇಳಿದಿರುತ್ತದೆ. ಹಲವು ದೇಶಗಳ ಪ್ರವಾಸ ಇದ್ದರೆ ಒಂದು ದೇಶದ ಉಳಿಕೆ ನೋಟನ್ನು ಮುಂದಿನ ದೇಶದ ನೋಟಿಗೆ ಬದಲಿಸುತ್ತಾ ಹೋಗುವ ಅಭ್ಯಾಸ ಬಿಡಬೇಕು. ಪ್ರತಿ ದೇಶದಲ್ಲೂ ಅಲ್ಲಿಗೆ ಬೇಕಾದಷ್ಟನ್ನೇ ಹೊಸದಾಗಿ ತೆಗೆದು ಅಲ್ಲೇ ಮುಗಿಸುವುದು ವಾಸಿ.

ಮುಗಿಸುವುದು ಹೇಗೆ ಅಂತ ಕೇಳಿದರೆ ನಾನು ಮಾಡುವುದು ಇದು. ಹೋಟೆಲಿನ ಬಿಲ್ಲನ್ನು ಕೊನೆಯ ದಿನದ ತನಕ ಹಾಗೇ ಬಿಟ್ಟಿರುತ್ತೇನೆ. ಹೊರಡುವ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋಗುವ ಗಾಡಿಗೆ ಬೇಕಾದಷ್ಟು ತೆಗೆದಿಟ್ಟು, ಉಳಿದ ನೋಟು, ನಾಣ್ಯ ಎಲ್ಲವನ್ನೂ ಕೌಂಟರಿನ ಮೇಲೆ ಎಣಿಸಿ ಇಟ್ಟು, ‘ಇಷ್ಟನ್ನ ಇದರಲ್ಲಿ ತಗೊಳ್ಳಿ, ಮಿಕ್ಕಿದ್ದನ್ನ ಕಾರ್ಡಿನಲ್ಲಿ ಹಾಕಿ’ ಅನ್ನುತ್ತೇನೆ. ಹಾಗೆ ಭಾಗ ಮಾಡಿ ತಗೊಳ್ಳುವುದಿಲ್ಲ ಅಂತ ಯಾವ ಹೋಟೆಲಿನವರೂ ಇದುವರೆಗೆ ನನಗೆ ಹೇಳಿಲ್ಲ. ನಾಣ್ಯ ಎಣಿಸುವಾಗ ಸ್ವಲ್ಪ ಮುಖ ಸಿಂಡರಿಸುತ್ತಾರೆ. ಕಾರ್ಡ್ ಯಂತ್ರ ಕೊಡುವಾಗ ಅದರ ಪರದೆಯಲ್ಲಿ ಅಲ್ಲಿನ ಕರೆನ್ಸಿಯೇ ಇದೆಯಾ ಅಂತ ನೋಡಿ ಪಿನ್ ಒತ್ತುತ್ತೇನೆ.